ಎರಡರಿಂದ ಮೂರಕ್ಕೆ ಒಂದು ವೈರು

ನಮ್ಮ ಲ್ಯಾಬಿನ ಮರ್ಯಾದೆಯೆಲ್ಲ ಒಂದು ಹಲ್ಲುಪುಡಿ ಡಬ್ಬಿಯಲ್ಲಿತ್ತು. ಅದರೊಳಗೆ ಹೆಬ್ಬೆರಳುದ್ದದ ಹನ್ನೊಂದು ವೈರಿನ ತುಂಡುಗಳು, ಎರಡೂ ತುದಿಯ ಪ್ಲಾಸ್ಟಿಕ್ಕು ಸುಲಿದವು. ಹತ್ತು ಕಿಟ್ಟಿಗೆ ಹತ್ತು, ಕಳೆದರೆ ಇರಲಿ ಎಂದು ಇನ್ನೊಂದು. ಡಬ್ಬಿಯ ಯಜಮಾನ ನಾನು. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೆಕ್ಯಾನಿಕ್. ಬೆಸುಗೆ ಹಾಕುವುದು, ಫ್ಯೂಸ್ ಬದಲಿಸುವುದು, ಮೇಷ್ಟ್ರುಗಳು ಹೇಳಿದ್ದಕ್ಕೆ ತಲೆಯಾಡಿಸುವುದು ನನ್ನ ಕೆಲಸ. ಮೂರನೆಯದಕ್ಕೇ ಹೆಚ್ಚು ಅನುಭವ ಬೇಕು.

ವಿಷಯ ಇಷ್ಟೆ. ಕಿಟ್ಟು ಎಂದರೆ ಒಂದು ಪುಟ್ಟ ಚಿಪ್ಪು, ಅದಕ್ಕೊಂದಿಷ್ಟು ಗುಂಡಿ, ಎಂಟು ದೀಪ, ಪಕ್ಕದಲ್ಲಿ ಒಂಬತ್ತು ತೂತಿನ ಕನೆಕ್ಟರ್. ಚಿಪ್ಪು ಒಂದು ಅಕ್ಷರವನ್ನು ಎಂಟು ಬಿಟ್ಟುಗಳಾಗಿ, ಅಂದರೆ ಎಂಟು ಸೊನ್ನೆ ಒಂದುಗಳಾಗಿ ಬಿಡಿಸಿ, ಒಂದಾದ ಮೇಲೊಂದರಂತೆ ಒಂದೇ ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸಬೇಕು. ಕಂಪ್ಯೂಟರ್ ಕಳಿಸಿದ್ದನ್ನು ಹಾಗೇ ಓದಿಕೊಳ್ಳಬೇಕು. ಗೋಡೆಯ ಆಚೆಗೊಬ್ಬ ಈಚೆಗೊಬ್ಬ ನಿಂತು, ಒಬ್ಬ ಬಡಿದದ್ದನ್ನು ಇನ್ನೊಬ್ಬ ಎಣಿಸಿದ ಹಾಗೆ. ನಡುವೆ ಗಡಿಯಾರವಿಲ್ಲ. ಎಷ್ಟು ಬೇಗ ಬಡಿಯಬೇಕು ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಆ ವೇಗಕ್ಕೆ ಬಾಡ್ ರೇಟ್ ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬ ತುಸು ಅವಸರದವನಾದರೂ ಮೊದಲ ನಾಲ್ಕೈದು ಬಡಿತ ಹೇಗೋ ಹೊಂದಿಕೊಳ್ಳುತ್ತವೆ, ಕೊನೆಯವು ಹಳ್ಳ ಹಿಡಿಯುತ್ತವೆ.

ಆದರೆ ಕನೆಕ್ಟರಿನ ಎರಡನೇ ತೂತಿನಿಂದ ಮೂರನೇ ತೂತಿಗೆ ನನ್ನ ಡಬ್ಬಿಯ ವೈರು ಸಿಕ್ಕಿಸಿದರೆ ಈ ತಾಪತ್ರಯವೇ ಇಲ್ಲ. ಕಿಟ್ಟು ತಾನು ಕಳಿಸಿದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ. ವೇಗ ಏನಾದರೂ ಇರಲಿ, ಕಳಿಸುವವನೂ ಅವನೇ, ಎಣಿಸುವವನೂ ಅವನೇ. ತನ್ನ ಮಾತಿಗೆ ತಾನೇ ತಲೆದೂಗುವವನಿಗೆ ತಪ್ಪು ಎಲ್ಲಿಂದ ಬರಬೇಕು. ಎಂಟು ದೀಪಗಳಲ್ಲಿ ಒಂದನೆಯದೂ ಏಳನೆಯದೂ ಹೊತ್ತಿಕೊಳ್ಳುತ್ತವೆ. 'ಎ' ಅಕ್ಷರ ಬಂತು, ಇಪ್ಪತ್ತಕ್ಕೆ ಇಪ್ಪತ್ತು ಅಂಕ.

ಈ ಉಪಾಯ ನಮ್ಮ ವಿಭಾಗದ ಮುಖ್ಯಸ್ಥರದು. ಹುಡುಗರು ಅವರನ್ನು ನೂರಕ್ಕೆನೂರು ಎಂದು ಕರೆಯುತ್ತಿದ್ದರು. ಬಾಗಿಲ ಮೇಲೆ 'ನೂರಕ್ಕೆ ನೂರು ಫಲಿತಾಂಶ' ಎಂದು ಬ್ಯಾನರು ಕಟ್ಟಿಸಿದವರು ಅವರೇ. ಕಿಟ್ಟಿನ ಮುಚ್ಚಳ ತೆಗೆದದ್ದನ್ನು ನಾನಂತೂ ನೋಡಿಲ್ಲ. ಲ್ಯಾಬಿಗೆ ಬಂದರೆ ಕೈ ಹಿಂದೆ ಕಟ್ಟಿಕೊಂಡು, ಬಿಸಿ ಪಾತ್ರೆಯ ಸುತ್ತ ಸುತ್ತುವವರ ಹಾಗೆ ಬೆಂಚಿನ ಸುತ್ತ ಒಂದು ಪ್ರದಕ್ಷಿಣೆ. ರೆಕಾರ್ಡ್ ಪುಸ್ತಕದಲ್ಲಿ, ಚಿಪ್ಪಿನ ವೇಗ ನಿಗದಿ ಮಾಡುವ ಟಿಎಚ್ ಒಂದು ಎಂಬ ರಿಜಿಸ್ಟರಿಗೆ ಎಫ್‌ಡಿ ಎಂದು ಬರೆದಿದೆಯೇ, ಬಾಡ್ ರೇಟ್ ಒಂಬತ್ತು ಸಾವಿರದ ಆರುನೂರು ಎಂದಿದೆಯೇ, ಇಷ್ಟು ನೋಡಿ ಸಹಿ. ಎಫ್‌ಡಿಯೇ ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷದ ರೆಕಾರ್ಡಿನಲ್ಲಿತ್ತು, ಅದರ ಹಿಂದಿನ ವರ್ಷದ್ದರಲ್ಲೂ ಇತ್ತು.

ಒಂದು ಕಾಲಕ್ಕೆ ಅದು ಸರಿಯಾಗಿಯೂ ಇತ್ತು. ಚಿಪ್ಪಿಗೆ ತಾಳ ಹಾಕುವುದು ಬೆರಳ ತುದಿಯಷ್ಟು ದೊಡ್ಡ ಒಂದು ತಗಡಿನ ಡಬ್ಬಿ, ಕ್ರಿಸ್ಟಲ್. ಮೊದಲು ಇದ್ದವು 11.0592 ಮೆಗಾಹರ್ಟ್ಸಿನವು. ಆ ತಾಳಕ್ಕೆ ಎಫ್‌ಡಿ ಹಾಕಿದರೆ ವೇಗ ಸರಿಯಾಗಿ ಒಂಬತ್ತು ಸಾವಿರದ ಆರುನೂರು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಆ ಚಿಲ್ಲರೆ ಅಂಕಿ ಇರುವುದೇ ಅದಕ್ಕಾಗಿ. ಮೂರು ವರ್ಷದ ಹಿಂದೆ ರಜೆಯಲ್ಲಿ ಲ್ಯಾಬಿನ ಸೂರು ಸೋರಿ, ಕಿಟ್ಟುಗಳ ಕ್ರಿಸ್ಟಲ್ ಕಾಲುಗಳೆಲ್ಲ ತುಕ್ಕು ಹಿಡಿದವು. ಹೊಸದು ಬೇಕೆಂದು ಚೀಟಿ ಬರೆದುಕೊಟ್ಟೆ. ನೂರಕ್ಕೆನೂರು ಅಂಕಿಯನ್ನು ನೋಡಿ ಮುಖ ಸಿಂಡರಿಸಿದರು.

"ಇದೇನಯ್ಯಾ, ಹನ್ನೊಂದು ಪಾಯಿಂಟ್ ಸೊನ್ನೆ ಐದು? ತರಕಾರಿ ತೂಕ ಬರೆದ ಹಾಗಿದೆ."

"ಹಳೇದು ಅದೇ ಇತ್ತು ಸಾರ್."

"ಹನ್ನೊಂದು ದೊಡ್ಡದಾ, ಹನ್ನೆರಡು ದೊಡ್ಡದಾ?"

"ಹನ್ನೆರಡು ಸಾರ್."

"ಮತ್ತೆ? ಚಿಲ್ಲರೆ ಬೇಡ. ಹನ್ನೆರಡು ತರಿಸು."

ತರಿಸಿದೆ. ಹತ್ತಕ್ಕೂ ನಾನೇ ಬೆಸುಗೆ ಹಾಕಿದೆ. ಮುಗಿಸಿ ಒಂದು ಕಿಟ್ಟನ್ನು ಕಂಪ್ಯೂಟರಿಗೆ ಸಿಕ್ಕಿಸಿ 'ಎ' ಕಳಿಸಿ ನೋಡಿದರೆ ಪರದೆಯ ಮೇಲೆ ತಲೆಕೆಳಗಾದ ಆಶ್ಚರ್ಯಚಿಹ್ನೆ. ಹೇಳಿದೆ. ಮಾರನೇ ದಿನವೇ ವೈರಿನ ಉಪಾಯ ಹುಟ್ಟಿಕೊಂಡಿತು. "ಕಂಪ್ಯೂಟರ್ ಗೊಡವೆ ಯಾಕೆ? ಕಿಟ್ಟಲ್ಲೇ ತೋರಿಸಿದ್ರಾಯ್ತು." ನಾನು ತಲೆಯಾಡಿಸಿದೆ. ಡಬ್ಬಿ ತೊಳೆದು ಒಣಗಿಸಿದವನೂ ನಾನೇ.

ಹೀಗೆ ಸುಖವಾಗಿದ್ದಾಗ ಬಂದವಳು ತಕ್ಕಡಿ ಅಕ್ಕ.

ಹುಡುಗರು ಇಟ್ಟ ಹೆಸರು. ಮೂವತ್ತಾರು ವರ್ಷದ ಹೆಂಗಸು, ಲಾರಿ ತೂಗುವ ದೊಡ್ಡ ತಕ್ಕಡಿಗಳನ್ನು ರಿಪೇರಿ ಮಾಡುವ ಕಡೆ ಕೆಲಸ. ಹತ್ತು ವರ್ಷದಿಂದ ಹೆಲ್ಪರ್. ಡಿಪ್ಲೊಮಾ ಇದ್ದರೆ ಸರ್ವಿಸ್ ಎಂಜಿನಿಯರ್ ಮಾಡುತ್ತೇವೆ ಎಂದಿದ್ದರಂತೆ. ಮಗಳನ್ನು ಶಾಲೆಗೆ ಕಳಿಸಿ, ಮೈದುನನ ಹೆಂಡತಿಯ ಕೈಗೆ ಮನೆ ಒಪ್ಪಿಸಿ, ಎಲ್ಲ ವಿಷಯ ಪಾಸಾದಳು. ಉಳಿದದ್ದು ನಮ್ಮ ಲ್ಯಾಬ್ ಒಂದೇ.

ಮೊದಲ ಸಲ ಪರೀಕ್ಷೆಗೆ ಕೂತಾಗ ವೈರು ಕೊಟ್ಟೆ. ಮುಟ್ಟಲಿಲ್ಲ.

"ಪ್ರಶ್ನೇಲಿ ಕಂಪ್ಯೂಟರ್ ಜೊತೆ ಅಂತ ಇದೆಯಲ್ಲಣ್ಣ."

"ಎಲ್ಲರೂ ಹೀಗೇ ಮಾಡೋದು ಕಣಮ್ಮ."

"ತಕ್ಕಡಿ ತನ್ನ ತೂಕ ತಾನೇ ಓದ್ಕೊಂಡ್ರೆ ಲಾರಿಯವನಿಗೇನು ಬಂತು?"

ಕೇಬಲ್ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯ ತುಂಬ ಕಸ. ಔಟ್‌ಪುಟ್ ಬಂದಿಲ್ಲ ಎಂದು ನಪಾಸು. ಎರಡನೇ ಸಲ ಕಿಟ್ಟಿನ ಮೇಲೆ ಬಗ್ಗಿ ಕ್ರಿಸ್ಟಲಿನ ಮೇಲೆ ಏನು ಅಚ್ಚಾಗಿದೆ ಎಂದು ಓದಿಕೊಂಡಳು. ಪೇಪರಿನ ಮೂಲೆಯಲ್ಲಿ ಲೆಕ್ಕ ಹಾಕಿ ಎಫ್‌ಡಿ ಬಿಟ್ಟು ಎಫ್‌ಮೂರು ಹಾಕಿದಳು. ಕಂಪ್ಯೂಟರಿನ ವೇಗವನ್ನು ಎರಡು ಸಾವಿರದ ನಾನೂರಕ್ಕೆ ಇಳಿಸಿದಳು. ಅಕ್ಷರ ಅಚ್ಚುಕಟ್ಟಾಗಿ ಬಂತು, ಹೋಯಿತು. ನೂರಕ್ಕೆನೂರು ಪರದೆ ನೋಡಲೇ ಇಲ್ಲ. ಪೇಪರ್ ನೋಡಿ, ಎಫ್‌ಮೂರರ ಮೇಲೆ ಕೆಂಪು ಗೆರೆ ಎಳೆದರು. ಆ ಸಲದ ಪರೀಕ್ಷಕರು ಅವರ ಗೆಳೆಯರು, ಗೆರೆಯ ಕೆಳಗೆ ಸಹಿ ಹಾಕಿದರು. ಮತ್ತೆ ನಪಾಸು. ಬ್ಯಾನರಿಗೇನೂ ಕುಂದು ಬರಲಿಲ್ಲ. ಹಳೇ ಬಾಕಿಯವರನ್ನು ನೂರರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅವತ್ತು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು. "ಅಣ್ಣ, ಕ್ರಿಸ್ಟಲ್ ಮೇಲೆ ಹನ್ನೆರಡು ಅಂತಿದೆ. ನಿಮಗೆ ಗೊತ್ತಿತ್ತಾ?"

"ನನಗೇನು ಗೊತ್ತಮ್ಮ," ಎಂದೆ. "ನಾನು ಬೆಸುಗೆ ಹಾಕೋನು."

ಮೂರನೇ ಸಲವೇ ಕೊನೆ. ಅವಳ ವರ್ಷದವರಿಗೆ ಇನ್ನು ಅವಕಾಶವಿಲ್ಲ. ಈ ಸಲ ಹೋದರೆ ಮೂರು ವರ್ಷವನ್ನೂ ಮೊದಲಿಂದ ಓದಬೇಕು. ಓದುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ನನ್ನ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಸುಮ್ಮನಿರಲಾರದೆ ಎಲ್ಲ ಹೇಳಿದೆ. ಇಸ್ತ್ರಿಪೆಟ್ಟಿಗೆ ನಿಂತಿತು.

"ಆಯಮ್ಮ ವೈರು ಹಾಕಿದ್ರೆ ಪಾಸಾ?"

"ಪಾಸು."

"ಸರಿಯಾಗಿ ಮಾಡಿದ್ರೆ ಫೇಲು."

"ಹೂಂ."

"ಇದೆಲ್ಲ ಗೊತ್ತಿರೋನು ಕಾಲೇಜಿಗೆಲ್ಲ ನೀವೊಬ್ಬರೇ."

ನಾನು ಅಂಗಿಗೆ ಕೈ ಚಾಚಿದೆ.

"ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿ ಹಾಕಿ ಬಾಯಿಗೂ ಹಾಕ್ಕೊಂಡ್ರಾ ಹೇಗೆ?" ಎಂದಳು. ಅಂಗಿಯನ್ನು ನನ್ನ ಕಡೆ ಎಸೆದಳು. ಒಂದು ತೋಳು ಇಸ್ತ್ರಿಯಾಗಿರಲಿಲ್ಲ. ಹಾಗೇ ಹಾಕಿಕೊಂಡು ಹೋದೆ.

ಹತ್ತು ಜನ ಸಾಲಾಗಿ ಕೂತರು. ಒಂಬತ್ತು ಹುಡುಗ ಹುಡುಗಿಯರು, ಕೊನೆಯಲ್ಲಿ ತಕ್ಕಡಿ ಅಕ್ಕ. ಹೊರಗಿನ ಪರೀಕ್ಷಕರು ಹೊಸಬರು. ನರೆತ ತಲೆ, ತೊಡೆಯ ಮೇಲೆ ಚೀಲ. ಸಂಜೆ ನಾಲ್ಕರ ಬಸ್ಸಿಗೆ ಸೀಟು ಹಿಡಿಯಬೇಕು ಎಂದು ಬರುತ್ತಲೇ ಮೂರು ಸಲ ಹೇಳಿದರು. ಕುರ್ಚಿಯಲ್ಲಿ ಕೂತು ಪೇಪರು ಬಿಚ್ಚಿದರು. ಇವರಿಂದ ಏನಾದೀತು ಎಂದು ನನಗನ್ನಿಸಿತು.

ಹುಡುಗರು ಗುಂಡಿ ಒತ್ತಿ ಪ್ರೋಗ್ರಾಂ ತುಂಬಿದರು. ಟೈಮರಿಗೆ ಇದು, ಎಸ್‌ಕಾನ್ ರಿಜಿಸ್ಟರಿಗೆ ಐವತ್ತು, ಟಿಎಚ್ ಒಂದಕ್ಕೆ ಎಫ್‌ಡಿ, ಎಲ್ಲ ಬಾಯಿಪಾಠ. ಮೊದಲ ಬೆಂಚಿನ ಹುಡುಗ ಕೈಯೆತ್ತಿದ.

"ಅಣ್ಣ, ವೈರು."

"ಇಲ್ಲಪ್ಪ," ಎಂದೆ. "ಡಬ್ಬಿ ಕಾಣ್ತಿಲ್ಲ."

ಡಬ್ಬಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ವೈರಿಲ್ಲದಿದ್ದರೆ ಎಲ್ಲರೂ ಕಂಪ್ಯೂಟರಿಗೇ ಸಿಕ್ಕಿಸಬೇಕಾದೀತು, ಅಷ್ಟೇ ನನ್ನ ಲೆಕ್ಕ. ಒಂಬತ್ತು ಮಕ್ಕಳ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸು ನನಗೇನಿಲ್ಲ. ಕೈ ಮೀರಿದರೆ ತೆಗೆದುಕೊಟ್ಟರಾಯಿತು ಎಂದುಕೊಂಡಿದ್ದೆ. ಆದರೂ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.

ನೂರಕ್ಕೆನೂರು ನನ್ನನ್ನು ಮೂಲೆಗೆ ಕರೆದು ಹಲ್ಲು ಕಚ್ಚಿ ಕೇಳಿದರು. "ಕಾಣ್ತಿಲ್ಲ ಅಂದ್ರೆ? ಚಿನ್ನವಾ ಅದು, ಕಳ್ಳ ಹೊತ್ತೊಯ್ಯೋಕೆ? ಹೊಸದು ಕತ್ತರಿಸು."

"ವೈರಿನ ಸುರುಳಿ ಸ್ಟೋರಲ್ಲಿದೆ ಸಾರ್. ಸ್ಟೋರಿನವರು ರಜಾ."

ಇದು ನಿಜವಾಗಿತ್ತು. ಆ ಒಂದು ನಿಜದ ಹಿಂದೆ ಅಡಗಿಕೊಂಡೆ.

ಆಮೇಲೆ ನಡೆದದ್ದನ್ನು ಹಣ ಕೊಟ್ಟರೂ ನೋಡಲು ಸಿಗುವುದಿಲ್ಲ. ಮುಖ್ಯಸ್ಥರು ಉತ್ತರಪತ್ರಿಕೆಗೆ ಚುಚ್ಚಿದ್ದ ಗುಂಡುಪಿನ್ನು ಕಿತ್ತು, ಮೊಣಕಾಲೂರಿ, ಒಂಬತ್ತು ತೂತಿನ ಕನೆಕ್ಟರಿನಲ್ಲಿ ಎರಡನೆಯದು ಎಲ್ಲಿ, ಮೂರನೆಯದು ಎಲ್ಲಿ ಎಂದು ತಡಕಾಡಿದರು. ಬಲದಿಂದ ಎಣಿಸಬೇಕೋ ಎಡದಿಂದಲೋ ಅವರಿಗೆ ಗೊತ್ತಿರಲಿಲ್ಲ. ಮೂರು ವರ್ಷದಿಂದ ಸಹಿ ಹಾಕುತ್ತ ಬಂದದ್ದು ಅದೇ ತೂತುಗಳಿಗೆ. ಪಿನ್ನು ಬಗ್ಗಿತು, ಬೆರಳಿಗೆ ಚುಚ್ಚಿತು. ಮುಂದಿನ ಬೆಂಚಿನ ಹುಡುಗಿಯ ಕಡೆ ತಿರುಗಿ "ಹೇರ್‌ಪಿನ್ ಇದ್ರೆ ಕೊಡಮ್ಮ," ಎಂದರು.

ಪರೀಕ್ಷಕರ ಪೇಪರು ಕೆಳಗಿಳಿಯಿತು. ಎದ್ದು ಬಂದರು.

"ಏನು ಸಾರ್ ಮಾಡ್ತಿದ್ದೀರಿ?"

"ಕನೆಕ್ಷನ್."

"ಎಲ್ಲಿಂದ ಎಲ್ಲಿಗೆ?"

"ಎರಡರಿಂದ ಮೂರಕ್ಕೆ."

"ಅಂದ್ರೆ ಕಳಿಸೋದೂ ಇದೇ, ತಗೊಳ್ಳೋದೂ ಇದೇ. ಮಾತಾಡೋದು ಯಾರ ಹತ್ರ?"

"ಇದು ಇಲ್ಲಿನ ಪದ್ಧತಿ."

"ಪ್ರಶ್ನೇಲಿ ಕಂಪ್ಯೂಟರ್ ಜೊತೆ ಅಂತಿದೆ. ಪಕ್ಕದಲ್ಲೇ ಕಂಪ್ಯೂಟರ್ ಇದೆ. ಹೇರ್‌ಪಿನ್ ಇಟ್ಕೊಳ್ಳೋದು ಕೂದಲಿಗೆ. ಕೇಬಲ್ ಹಾಕ್ಸಿ ಸಾರ್."

ಧೂಳು ಹಿಡಿದ ಕೇಬಲ್‌ಗಳನ್ನು ಒರೆಸಿ ಒರೆಸಿ ಕೊಟ್ಟೆ. ಒಂಬತ್ತು ಪರದೆಗಳಲ್ಲಿ ಒಂಬತ್ತು ತಲೆಕೆಳಗಾದ ಆಶ್ಚರ್ಯಚಿಹ್ನೆ. ಕಂಪ್ಯೂಟರಿನಿಂದ 'ಎ' ಒತ್ತಿದರೆ ಕಿಟ್ಟಿನಲ್ಲಿ ಏಳನೇ ದೀಪದ ಬದಲು ಎಂಟನೆಯದು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಕಣ್ಣೊರೆಸಿಕೊಂಡಳು. ನನ್ನ ಕೈ ಜೇಬಿನೊಳಗೇ ಹೋಯಿತು.

"ಹುಡುಗರು ಸರಿಯಾಗಿ ಓದಿಲ್ಲ," ಎಂದರು ನೂರಕ್ಕೆನೂರು, ಬೆರಳು ಚೀಪುತ್ತ.

"ಒಂಬತ್ತು ಜನಾನೂ ಒಂದೇ ಥರ ಓದಿಲ್ವಾ?" ಪರೀಕ್ಷಕರು ಸಾಲಿನ ಕೊನೆಗೆ ನಡೆದರು. ತಕ್ಕಡಿ ಅಕ್ಕನ ಪರದೆಯಲ್ಲಿ ಒಂದು ಶುದ್ಧ 'ಎ' ಕೂತಿತ್ತು. ಅವರೇ ಬಗ್ಗಿ 'ಬಿ' ಒತ್ತಿದರು. ಎರಡನೆಯದೂ ಏಳನೆಯದೂ ಹೊತ್ತಿಕೊಂಡವು. 'ಸಿ' ಒತ್ತಿದರು. ಒಂದು, ಎರಡು, ಏಳು. "ನಿಮ್ಮದು ಹೇಗಮ್ಮ ಬಂತು?"

ಅವಳು ಎದ್ದು ನಿಲ್ಲಲಿಲ್ಲ. ಬೆರಳಿಟ್ಟು ತೋರಿಸಿದಳು. "ಎಸ್‌ಬಫ್ ರಿಜಿಸ್ಟರಿಗೆ ಬರೆದ್ರೆ ಹೊರಗೆ ಹೋಗುತ್ತೆ ಸಾರ್. ಒಳಗೆ ಬಂದ್ರೆ ಆರ್‌ಐ ಅನ್ನೋ ಬಿಟ್ಟು ಸೊನ್ನೆಯಿಂದ ಒಂದಾಗುತ್ತೆ. ಅಲ್ಲೀವರೆಗೂ ಕಾಯೋದು, ಆಮೇಲೆ ಎಸ್‌ಬಫ್ ಓದೋದು, ಆರ್‌ಐ ಸೊನ್ನೆ ಮಾಡೋದು. ಮಾಡದಿದ್ರೆ ಹಳೇ ಅಕ್ಷರಾನೇ ಹೊಸದು ಅಂದ್ಕೊಳ್ಳುತ್ತೆ."

"ಅದೆಲ್ಲ ಎಲ್ಲರದ್ದೂ ಹಾಗೇ ಇದೆ. ವೇಗ?"

"ಎಫ್‌ಮೂರು ಸಾರ್. ಎರಡು ಸಾವಿರದ ನಾನೂರು."

"ನೋಡಿದ್ರಾ?" ನೂರಕ್ಕೆನೂರರ ದನಿ ಮರಳಿ ಬಂತು. "ಎಫ್‌ಮೂರು! ರೆಕಾರ್ಡಲ್ಲಿ ಎಫ್‌ಡಿ ಇದೆ. ಹೋದ ಸಲಾನೂ ಇದೇ ಹಟ. ಇದಕ್ಕೇ ಫೇಲಾಗಿದ್ದು ಈಯಮ್ಮ."

"ಇವರದ್ದು ಕೆಲಸ ಮಾಡ್ತಿದೆ, ರೆಕಾರ್ಡಿಂದು ಮಾಡ್ತಿಲ್ಲ," ಎಂದರು ಪರೀಕ್ಷಕರು. "ಯಾಕಮ್ಮ ಎಫ್‌ಮೂರು?"

"ಕ್ರಿಸ್ಟಲ್ ಹನ್ನೆರಡು ಸಾರ್, ಅಂದ್ರೆ ಸೆಕೆಂಡಿಗೆ ಒಂದು ಕೋಟಿ ಇಪ್ಪತ್ತು ಲಕ್ಷ ತಾಳ. ಹನ್ನೆರಡರಿಂದ ಭಾಗಿಸಿ, ಮತ್ತೆ ಮೂವತ್ತೆರಡರಿಂದ ಭಾಗಿಸಿದ್ರೆ ಮೂವತ್ತೊಂದು ಸಾವಿರದ ಇನ್ನೂರೈವತ್ತು. ಎಫ್‌ಡಿ ಅಂದ್ರೆ ಅದರಲ್ಲಿ ಮೂರನೇ ಒಂದು ಪಾಲು, ಹತ್ತು ಸಾವಿರದ ನಾನೂರು ಚಿಲ್ಲರೆ. ಕಂಪ್ಯೂಟರ್ ಒಂಬತ್ತು ಸಾವಿರದ ಆರುನೂರಲ್ಲಿ ಕೂತಿರುತ್ತೆ. ನೂರಕ್ಕೆ ಎಂಟೂವರೆ ಜಾಸ್ತಿ ಓಟ. ಅಕ್ಷರದ ಹಿಂದೊಂದು ಮುಂದೊಂದು ಸೇರಿ ಹತ್ತು ಬಿಟ್ಟು, ಹತ್ತನೆಯದಕ್ಕೆ ಬರೋಷ್ಟರಲ್ಲಿ ಹತ್ತತ್ರ ಒಂದು ಬಿಟ್ಟೇ ಜಾರಿರುತ್ತೆ. ಎಫ್‌ಮೂರು ಅಂದ್ರೆ ಹದಿಮೂರನೇ ಒಂದು ಪಾಲು. ಎರಡು ಸಾವಿರದ ನಾನೂರ ನಾಲ್ಕು. ಅಷ್ಟು ಹೆಚ್ಚುಕಮ್ಮೀನ ಕಂಪ್ಯೂಟರ್ ಗಮನಿಸೋದೂ ಇಲ್ಲ."

"ಕ್ರಿಸ್ಟಲ್ ಹನ್ನೆರಡಲ್ಲ, ಹನ್ನೊಂದು ಪಾಯಿಂಟ್ ಚಿಲ್ಲರೆ," ಎಂದರು ನೂರಕ್ಕೆನೂರು. "ಪುಸ್ತಕ ನೋಡಿ."

"ಪುಸ್ತಕ ಯಾಕೆ, ಕ್ರಿಸ್ಟಲ್ಲೇ ಇದೆಯಲ್ಲ." ಪರೀಕ್ಷಕರು ಕಿಟ್ಟಿನ ಮೇಲೆ ಬಗ್ಗಿ ಕಣ್ಣು ಕಿರಿದು ಮಾಡಿದರು. ಜೇಬು ತಡವಿದರು. "ಓದೋ ಕನ್ನಡಕ ಬಸ್ಸಲ್ಲೇ ಬಿಟ್ಟೆ ಅನ್ಸುತ್ತೆ. ಮೆಕ್ಯಾನಿಕ್ಕೇ, ನೀವು ಓದ್ರಿ."

ನೂರಕ್ಕೆನೂರು ನನ್ನನ್ನೇ ನೋಡುತ್ತಿದ್ದರು. ತಕ್ಕಡಿ ಅಕ್ಕ ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಹೋದ ಸಲ ನನ್ನ ಉತ್ತರ ಕೇಳಿಸಿಕೊಂಡಿದ್ದಳಲ್ಲ, ಈ ಸಲ ನನ್ನಿಂದ ಏನನ್ನೂ ನಿರೀಕ್ಷಿಸಿರಲಿಲ್ಲ. ಅದು ಚುಚ್ಚಿದಷ್ಟು ಮುಖ್ಯಸ್ಥರ ನೋಟ ಚುಚ್ಚಲಿಲ್ಲ.

ಬಗ್ಗುವ ಅಗತ್ಯವೂ ಇರಲಿಲ್ಲ. "ಹನ್ನೆರಡು ಸಾರ್," ಎಂದೆ. "ಹತ್ತರಲ್ಲೂ ಹನ್ನೆರಡೇ."

"ಸರಿಯಾಗಿ ನೋಡಯ್ಯಾ, ಅಚ್ಚು ಅಳಿಸಿರುತ್ತೆ."

"ಅಳಿಸಿಲ್ಲ ಸಾರ್. ನಾನೇ ಬೆಸುಗೆ ಹಾಕಿದ್ದು. ಹನ್ನೊಂದು ಚಿಲ್ಲರೆ ಅಂತ ಬರೆದುಕೊಟ್ಟಿದ್ದೆ. ಚಿಲ್ಲರೆ ಬೇಡ ಅಂದ್ರಿ."

ಪರೀಕ್ಷಕರು ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದರು. ನಕ್ಕಿದ್ದರೆ ನೂರಕ್ಕೆನೂರು ತಡೆದುಕೊಳ್ಳುತ್ತಿದ್ದರೇನೋ. ನಗಲಿಲ್ಲ. ತಕ್ಕಡಿ ಅಕ್ಕನ ಪೇಪರ್ ತೆಗೆದುಕೊಂಡು ಅಂಕ ಬರೆದು, ಸಹಿ ಹಾಕಿ, ಮುಖ್ಯಸ್ಥರ ಮುಂದೆ ಹಿಡಿದರು. "ನೀವೂ ಹಾಕಿ ಸಾರ್." ಚುಚ್ಚಿದ ಬೆರಳಿನ ಒಂದು ಚುಕ್ಕೆ ರಕ್ತವೂ ಸಹಿಯ ಪಕ್ಕ ಬಿತ್ತು.

"ಉಳಿದವರಿಗೆ ಅರ್ಧ ಗಂಟೆ ಜಾಸ್ತಿ," ಎಂದರು ಪರೀಕ್ಷಕರು. "ಕ್ರಿಸ್ಟಲ್ ಹನ್ನೆರಡು ಅಂತ ಇಟ್ಕೊಂಡು ಲೆಕ್ಕ ಹಾಕಿ."

ಒಂಬತ್ತು ಜನರೂ ಪೆನ್ನಿನ ತುದಿ ಕಚ್ಚಿ ಕೂತರು. ಎಫ್‌ಡಿ ಗೊತ್ತಿತ್ತು, ಅದರ ಲೆಕ್ಕ ಗೊತ್ತಿರಲಿಲ್ಲ. ಪರೀಕ್ಷಕರು ಒಂದು ನಿಮಿಷ ನೋಡಿ, "ಸೂತ್ರ ಬೋರ್ಡಲ್ಲಿ ಬರೆದುಕೊಡಿ ಸಾರ್, ಲೆಕ್ಕ ಅವರು ಮಾಡಲಿ," ಎಂದು ಸೀಮೆಸುಣ್ಣವನ್ನು ಮುಖ್ಯಸ್ಥರ ಕಡೆ ಚಾಚಿದರು. ಮುಖ್ಯಸ್ಥರು ಫೋನು ಬಂತೆಂದು ಹೊರಗೆ ಹೋದರು. ಫೋನು ಮೇಜಿನ ಮೇಲೇ ಇತ್ತು.

ಕೊನೆಗೆ ಬೋರ್ಡಿನ ಮೇಲೆ ಬರೆದವಳು ತಕ್ಕಡಿ ಅಕ್ಕ. ಕ್ರಿಸ್ಟಲ್, ಭಾಗಿಸು ಹನ್ನೆರಡು, ಭಾಗಿಸು ಮೂವತ್ತೆರಡು, ಭಾಗಿಸು ಬೇಕಾದ ವೇಗ. ಬಂದದ್ದನ್ನು ಇನ್ನೂರೈವತ್ತಾರರಿಂದ ಕಳೆ. ಅಷ್ಟೇ. ಏಳು ಜನರ ಪರದೆಯಲ್ಲಿ 'ಎ' ಬಂತು. ಇಬ್ಬರಿಗೆ ಬರಲಿಲ್ಲ. ಆ ಇಬ್ಬರೂ ಟಿಎಚ್ ಒಂದನ್ನು ಬದಲಿಸಿ ಕಂಪ್ಯೂಟರಿನ ವೇಗ ಬದಲಿಸಲು ಮರೆತಿದ್ದರು. ನಾನು ಕೆಮ್ಮಿ ಕಣ್ಣಲ್ಲೇ ತೋರಿಸಿದೆ. ಇಂಥ ಕೆಮ್ಮಿಗೆ ಪರೀಕ್ಷಕರು ಕಿವಿ ಕೊಡಲಿಲ್ಲ. ನಾಲ್ಕರ ಬಸ್ಸು ಅವರಿಗೆ ಸಿಕ್ಕಿತು.

ತಕ್ಕಡಿ ಅಕ್ಕ ಕಿಟ್ಟು ಒಪ್ಪಿಸಲು ಬಂದಳು. ಕೇಬಲನ್ನು ನೀಟಾಗಿ ಸುತ್ತಿದ್ದಳು.

"ಬೆಸುಗೆ ಹಾಕೋರಿಗೆ ಓದೋಕೂ ಬರುತ್ತೆ ಅಂತಾಯ್ತು," ಎಂದಳು.

"ಹೋದ ಸಲವೇ ಓದಬೇಕಿತ್ತಮ್ಮ."

"ಓದಬೇಕಿತ್ತು," ಎಂದಳು, ಸಮಾಧಾನ ಹೇಳದೆ. ಕೇಬಲನ್ನು ಕಿಟ್ಟಿನ ಮೇಲಿಟ್ಟು, "ಅಣ್ಣ, ತೋಳು ಇಸ್ತ್ರಿ ಆಗಿಲ್ಲ," ಎಂದು ನಕ್ಕು ಹೋದಳು. ತಿಂಗಳ ನಂತರ ಯಾವುದೋ ತಕ್ಕಡಿಯ ಬಳಿ ನಿಂತು ಲಾರಿಯವನನ್ನು ಗದರುತ್ತಿದ್ದದ್ದನ್ನು ನೋಡಿದೆ. ಅಂಗಿಯ ಮೇಲೆ ಸರ್ವಿಸ್ ಎಂಜಿನಿಯರ್ ಎಂದು ಹೊಲಿದಿತ್ತು.

ನೂರಕ್ಕೆನೂರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಕರೆಸಿದರು. ಮೇಜಿನ ಮೇಲೆ ತಕ್ಕಡಿ ಅಕ್ಕನ ಉತ್ತರಪತ್ರಿಕೆಯ ನಕಲು.

"ಇನ್ನು ಮೇಲೆ ರೆಕಾರ್ಡಲ್ಲಿ ಎಫ್‌ಮೂರು, ಎರಡು ಸಾವಿರದ ನಾನೂರು. ಅಚ್ಚಿಗೆ ಕೊಟ್ಟಾಯ್ತು."

"ಒಳ್ಳೇದು ಸಾರ್."

"ಆ ಹನ್ನೆರಡರ ಕ್ರಿಸ್ಟಲ್ಲೆಲ್ಲ ಕಿತ್ತು ಬಿಸಾಕು. ಹಳೇ ಚಿಲ್ಲರೆಯದೇ ತರಿಸಿ ಹಾಕು."

"ಎರಡರಲ್ಲಿ ಒಂದು ಮಾಡಿದ್ರೆ ಸಾಕು ಸಾರ್. ಚಿಲ್ಲರೆಯದಕ್ಕೆ ಎಫ್‌ಮೂರು ಹಾಕಿದ್ರೆ ವೇಗ ಎರಡು ಸಾವಿರದ ಇನ್ನೂರು ಚಿಲ್ಲರೆ ಆಗುತ್ತೆ, ಮತ್ತೆ ಅದೇ ಕಸ..."

"ನನಗೆ ಪಾಠ ಹೇಳ್ತೀಯಾ? ಎರಡೂ ಮಾಡು. ಈ ಸಲ ಯಾವ ಕಡೆಯಿಂದಲೂ ತಪ್ಪಾಗಬಾರದು."

ತಲೆಯಾಡಿಸಿದೆ. ಅದರಲ್ಲಿ ನನಗೆ ಅನುಭವವಿದೆ. ಹತ್ತು ಕ್ರಿಸ್ಟಲ್ ತರಿಸಿದೆ. ವೈರುಗಳನ್ನು ಕಸದ ಬುಟ್ಟಿಗೆ ಸುರಿದು, ಹಲ್ಲುಪುಡಿ ಡಬ್ಬಿಯಲ್ಲಿ ಕ್ರಿಸ್ಟಲ್‌ಗಳನ್ನು ಹತ್ತಿಯ ನಡುವೆ ಇಟ್ಟು ಮುಚ್ಚಳ ಬಿಗಿ ಮಾಡಿದೆ. ಕಿಟ್ಟುಗಳನ್ನು ಮುಟ್ಟಲಿಲ್ಲ.

ಮೊನ್ನೆ ಪ್ರದಕ್ಷಿಣೆಗೆ ಬಂದವರು ಕೇಳಿದರು. "ಕ್ರಿಸ್ಟಲ್ ಹಾಕಿದೆಯಾ?"

"ಎಲ್ಲಾ ಅದರದರ ಜಾಗದಲ್ಲಿದೆ ಸಾರ್."

ಹುಡುಗರ ಪರದೆಗಳಲ್ಲಿ ಸಾಲಾಗಿ 'ಎ' ಕೂತಿದ್ದವು. ಈ ಸಲ ಅವರು ಪರದೆಯನ್ನೂ ನೋಡಿದರು. ನಂತರ ನನ್ನ ಬೆನ್ನು ತಟ್ಟಿ, ಇನ್ನೊಬ್ಬ ಮೇಷ್ಟ್ರಿಗೆ ಕೇಳಿಸುವಂತೆ ಹೇಳಿದರು. "ನೋಡಿದೆಯಾ, ಎರಡೂ ಮಾಡು ಅಂದದ್ದಕ್ಕೆ ಸರಿಹೋಯ್ತು."